ಕಾರ್ಡಿನಲ್ಲಿ ರೂಮ್ ನಂಬರ್ ಇರಲಿ

ಆಕಾಶವಾಣಿ ಕೇಳುಗರಿಗೆ ನಮಸ್ಕಾರ. ದಾವಣಗೆರೆ, ಚಿತ್ರದುರ್ಗದ ಲಾಡ್ಜ್ ಮಾಲೀಕರು, ಮ್ಯಾನೇಜರುಗಳು ಇವತ್ತು ಸ್ವಲ್ಪ ಕಿವಿಗೊಡಿ.

ರೂಮ್ ಖಾಲಿ ಮಾಡುವಾಗ ಗಿರಾಕಿ ಕೈಗೆ ಅಭಿಪ್ರಾಯದ ಕಾರ್ಡ್ ಕೊಡ್ತೀರಿ ಅಲ್ವಾ? ಬಹಳ ಕಡೆ ಅದರಲ್ಲಿ ‘ಉತ್ತಮ, ಸಾಧಾರಣ, ಕಳಪೆ’ ಅಂತ ಚೌಕಗಳಿರುತ್ತವೆ. ಬಸ್ಸಿಗೆ ಹೊರಟವರು ‘ಉತ್ತಮ’ಕ್ಕೆ ಟಿಕ್ ಹಾಕಿ ಹೋಗುತ್ತಾರೆ. ಅದರಿಂದ ನಿಮಗೆ ಏನು ಗೊತ್ತಾಯಿತು? ಕಾರ್ಡಿನಲ್ಲಿ ಎರಡು ವಿಷಯ ಇರಲೇಬೇಕು: ಯಾವ ರೂಮು, ಎಷ್ಟು ಹೊತ್ತಿಗೆ. ಆಮೇಲೆ ಒಂದೇ ಪ್ರಶ್ನೆ, ‘ಏನು ಸರಿ ಇರಲಿಲ್ಲ?’ ಬರೆಯಲು ನಾಲ್ಕು ಗೆರೆ ಖಾಲಿ ಬಿಡಿ.

ದಾವಣಗೆರೆಯ ಒಂದು ಲಾಡ್ಜಿನ ವಿಷಯ ಹೇಳುತ್ತೇನೆ. ‘ಬಿಸಿನೀರು ಬರಲಿಲ್ಲ’ ಅನ್ನೋ ದೂರು ಅಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಸೋಲಾರ್ ಅಲ್ವಾ, ಮೋಡ ಇದ್ದಿರಬೇಕು ಅಂತ ಮ್ಯಾನೇಜರ್ ಸುಮ್ಮನಾಗುತ್ತಿದ್ದರು. ಕಾರ್ಡಿಗೆ ರೂಮ್ ನಂಬರ್, ಸ್ನಾನಕ್ಕೆ ಹೋದ ಹೊತ್ತು ಸೇರಿಸಿದೆವು. ತಿಂಗಳು ಕಳೆದ ಮೇಲೆ ಬಿಸಿನೀರಿನ ಕಾರ್ಡುಗಳನ್ನು ಮಾತ್ರ ಆರಿಸಿ, ಮಹಡಿವಾರು ಮೇಜಿನ ಮೇಲೆ ಹರಡಿದೆವು. ಮೇಲಿನ ಮಹಡಿಯದು ಒಂದೂ ಇಲ್ಲ! ಹೆಚ್ಚುಕಡಿಮೆ ಎಲ್ಲವೂ ಕೆಳಗಿನ ರೂಮುಗಳವು, ಬೆಳಗಿನ ಜಾವ ರೈಲಿಗೆ ಹೊರಟವರವು. ಎಂಟು ಗಂಟೆಗೆ ಸ್ನಾನ ಮಾಡಿದವರಿಗೆ ತಕರಾರೇ ಇಲ್ಲ. ಮೋಡ ಕಾರಣ ಆಗಿದ್ದರೆ ಎಲ್ಲ ಮಹಡಿಯವರೂ ಬರೆಯಬೇಕಿತ್ತು.

ಮಾರನೇ ದಿನ ಐದು ಗಂಟೆಗೆ ಕೆಳಗಿನ ಮೂಲೆ ರೂಮಿನಲ್ಲಿ ನಲ್ಲಿ ತಿರುಗಿಸಿ ಬಕೆಟ್ ಇಟ್ಟೆವು. ಒಂದು ಬಕೆಟ್ ತುಂಬಿತು, ತಣ್ಣೀರು. ಎರಡನೆಯದು ಅರ್ಧ ಆಗುವಾಗ ಬಿಸಿನೀರು ಬಂತು. ಟ್ಯಾಂಕಿನಲ್ಲಿ ನೀರು ಕಾದೇ ಇತ್ತು. ಛಾವಣಿಯಿಂದ ಅಲ್ಲಿವರೆಗಿನ ಉದ್ದನೆ ಪೈಪಿನಲ್ಲಿ ನಿಂತ ನೀರು ರಾತ್ರಿಯೆಲ್ಲ ತಣ್ಣಗಾಗಿತ್ತು. ಮೊದಲು ಎದ್ದವರು ಅದನ್ನು ಹರಿಯಬಿಡಬೇಕು. ರೈಲಿನ ಆತುರದಲ್ಲಿ ಯಾರು ಕಾಯುತ್ತಾರೆ? ಕೊನೆ ರೂಮಿನಿಂದ ಟ್ಯಾಂಕಿಗೆ ವಾಪಸ್ ಹೋಗುವ ಒಂದು ಪೈಪ್, ಸಣ್ಣ ಪಂಪ್, ಟೈಮರ್ ಹಾಕಿಸಿದರು. ನಾಲ್ಕೂವರೆಗೆ ಪಂಪ್ ಶುರುವಾಗಿ ತಣ್ಣೀರನ್ನು ಟ್ಯಾಂಕಿಗೆ ತಳ್ಳುತ್ತದೆ, ಬಿಸಿನೀರು ಪೈಪಿಗೆ ಇಳಿಯುತ್ತದೆ. ಆ ದೂರು ನಿಂತಿತು. ರೂಮ್ ನಂಬರ್ ಇಲ್ಲದಿದ್ದರೆ ಇನ್ನೊಂದು ಸೋಲಾರ್ ಹಾಕಿಸಿ ದುಡ್ಡು ಸುರಿಯುತ್ತಿದ್ದರು. ಆಗಲೂ ಕೆಳಗಿನವರಿಗೆ ತಣ್ಣೀರೇ.

ಸಮಯ ಕಮ್ಮಿ ಇದೆ, ಬೇಗ ಹೇಳಿಬಿಡುತ್ತೇನೆ. ‘ರೂಮು, ಊಟ ಹೇಗಿತ್ತು?’ ಅಂತ ಎರಡನ್ನೂ ಒಟ್ಟಿಗೆ ಕೇಳಬೇಡಿ. ದೂರನ್ನು ಗಿರಾಕಿಯ ಮಾತಲ್ಲೇ ನೋಟ್‌ಬುಕ್ಕಿಗೆ ಇಳಿಸಿ. ಒಂದೇ ಕಾರ್ಡಿನಲ್ಲಿ ಸೊಳ್ಳೆ, ಟವೆಲ್ ಎರಡೂ ಇದ್ದರೆ ಎರಡು ಸಾಲು ಬರೆಯಿರಿ, ಪಕ್ಕದಲ್ಲಿ ರೂಮ್ ನಂಬರ್, ಹೊತ್ತು. ಮತ್ತೆ ದಯವಿಟ್ಟು, ಕಾರ್ಡನ್ನು ರೂಮ್ ಬಾಯ್ ಕೈಗೆ ಕೊಡಿಸಬೇಡಿ. ತನ್ನ ಮೇಲಿನ ದೂರನ್ನು ಯಾರು ತಂದುಕೊಡುತ್ತಾರೆ? ಬೀಗ ಹಾಕಿದ ಡಬ್ಬಿ ಕೌಂಟರಿನಲ್ಲಿರಲಿ, ಬೀಗದ ಕೈ ಮಾಲೀಕರ ಹತ್ತಿರ ಇರಲಿ. ನಮಸ್ಕಾರ.