ಫೋನ್ ತಡವರಿಸಿದರೂ ಕೆಡದ ಆಟ

ಮೇಜಿನ ಮೇಲೆ ಕಾಣುತ್ತಿದೆಯಲ್ಲ, ಅದು ನನ್ನ ಹಳೆಯ ಫೋನ್. 2 ಜಿಬಿ ರ‍್ಯಾಮ್, ಮೂಲೆಯಲ್ಲಿ ಗಾಜು ಒಡೆದಿದೆ. ನಾವು ಮಾಡುವ ಯಾವ ಆಟವಾದರೂ ಮೊದಲು ಇದರಲ್ಲಿ ಓಡಬೇಕು. ನಾವು ಅಂದರೆ ಇಬ್ಬರೇ. ನಾನು ಕೋಡ್ ಬರೆಯುತ್ತೇನೆ, ಗೆಳತಿ ಚಿತ್ರ ಬಿಡಿಸುತ್ತಾಳೆ.

ಮೊದಲು ಮಾಡಿದ್ದು ಓಟದ ಆಟ. ಹುಡುಗ ಓಡುತ್ತಾನೆ, ಅಡ್ಡ ಬಂದ ಕಲ್ಲನ್ನು ಹಾರಬೇಕು. ಕಂಪ್ಯೂಟರಿನಲ್ಲಿ ಸಲೀಸಾಗಿತ್ತು. ಈ ಫೋನಿನಲ್ಲಿ ಮಾತ್ರ ಸ್ವಲ್ಪ ಹೊತ್ತಿಗೇ ಬಿಸಿ, ಆಮೇಲೆ ತಡವರಿಕೆ. ಹುಡುಗ ಸೆಕೆಂಡಿಗೆ 10 ಮನೆ ಓಡುತ್ತಿದ್ದ. ಪರದೆ 200 ಮಿಲಿಸೆಕೆಂಡ್ ನಿಂತುಬಿಟ್ಟರೆ, ಮುಂದಿನ ಚಿತ್ರ ಬರುವಷ್ಟರಲ್ಲಿ ಅವನು 2 ಮನೆ ಮುಂದೆ. ಕಲ್ಲು ಇದ್ದದ್ದು ಆ ನಡುವೆಯೇ! ಆಡಿದವರು "ನಾನು ಒತ್ತಿದ್ದೆ" ಅಂದರು. ಒತ್ತಿದ್ದು ನಿಜವೇ.

ಎರಡು ತಿಂಗಳು ಕೋಡ್ ತಿದ್ದಿದೆ. ಕೊನೆಗೆ ಹೊಳೆದದ್ದು ಇಷ್ಟು: ತಪ್ಪು ಕೋಡಿನದಲ್ಲ, ನಾವು ಆರಿಸಿಕೊಂಡ ಆಟದ್ದೇ. ಆಗಿನಿಂದ ಯಾವ ಐಡಿಯಾ ಬಂದರೂ ಒಂದೇ ಪ್ರಶ್ನೆ. ಫೋನ್ ಅರ್ಧ ಸೆಕೆಂಡ್ ನಿಂತರೆ ಆಡುವವರಿಗೆ ಏನಾದರೂ ನಷ್ಟವಾಗುತ್ತದಾ? ಆಗುತ್ತದೆ ಅಂದರೆ ಆ ಐಡಿಯಾ ಬೇಡ.

ಹಾಗೆ ಉಳಿದದ್ದು ದೀಪದ ಆಟ. 5 ಸಾಲು, ಒಂದೊಂದು ಸಾಲಿನಲ್ಲೂ 5, ಒಟ್ಟು 25 ದೀಪ. ಒಂದನ್ನು ಒತ್ತಿದರೆ ಅದೂ, ಅದರ ಮೇಲೆ, ಕೆಳಗೆ, ಎಡ, ಬಲದ ದೀಪಗಳೂ ಬದಲಾಗುತ್ತವೆ. ಉರಿಯುತ್ತಿದ್ದದ್ದು ಆರುತ್ತದೆ, ಆರಿದ್ದು ಹೊತ್ತಿಕೊಳ್ಳುತ್ತದೆ. ಎಲ್ಲವನ್ನೂ ಆರಿಸಿದರೆ ಗೆಲುವು. ನಿಯಮ ಹೊಸದೇನಲ್ಲ. 1995ರಲ್ಲೇ ಟೈಗರ್ ಎಲೆಕ್ಟ್ರಾನಿಕ್ಸ್‌ನವರು 'ಲೈಟ್ಸ್ ಔಟ್' ಅಂತ ಕೈಯಲ್ಲಿ ಹಿಡಿದು ಆಡುವ ಆಟಿಕೆ ತಂದಿದ್ದರು. ಹೆಸರು, ಚಿತ್ರ, ಹಂತಗಳು ಮಾತ್ರ ನಮ್ಮವೇ.

ಇಲ್ಲಿ ಬೆರಳು ತಾಗದಿದ್ದರೆ ಪರದೆಯಲ್ಲಿ ಏನೂ ಅಲುಗಾಡುವುದಿಲ್ಲ. ಸುಮ್ನೆ ಸೆಕೆಂಡಿಗೆ 60 ಸಲ ಅದೇ ಚಿತ್ರ ಯಾಕೆ ಬಿಡಿಸಬೇಕು, ಅಲ್ವಾ? ನಾವು ಬಳಸುವ ಲಿಬ್‌ಜಿಡಿಎಕ್ಸ್ ಅನ್ನುವ, ಆಟ ಕಟ್ಟುವ ಜಾವಾ ಲೈಬ್ರರಿಯಲ್ಲಿ ಅದನ್ನು ನಿಲ್ಲಿಸಲು ಒಂದೇ ಸಾಲು ಸಾಕು:

```java
Gdx.graphics.setContinuousRendering(false);
```

ಈಗ ಒತ್ತಿದಾಗ ಮಾತ್ರ ಪರದೆ ಬದಲಾಗುತ್ತದೆ. ಯೋಚಿಸುತ್ತಾ ಕೂತಷ್ಟು ಹೊತ್ತೂ ಫೋನ್ ತಣ್ಣಗಿರುತ್ತದೆ.

ಚಿತ್ರದಲ್ಲೂ ಒಮ್ಮೆ ಎಡವಿದೆವು. ಗೆಳತಿ 2048 ಬೈ 2048ರ ಹಿನ್ನೆಲೆ ಕೊಟ್ಟಳು. ಫೈಲ್ ಚಿಕ್ಕದೇ. ಆದರೆ ಪಿಎನ್‌ಜಿ ಫೈಲ್ ಎಷ್ಟೇ ಚಿಕ್ಕದಿದ್ದರೂ ಮೆಮೊರಿಗೆ ಬಂದಾಗ ಬಿಚ್ಚಿಕೊಳ್ಳುತ್ತದೆ. ಒಂದೊಂದು ಚುಕ್ಕೆಗೆ 4 ಬೈಟ್, ಒಟ್ಟು 16 ಎಂಬಿ! ಅದನ್ನು ತೆಗೆದು ಬರೀ ಬಣ್ಣ ತುಂಬಿದೆವು. 128 ಬೈ 128ರ ಎರಡು ದೀಪದ ಚಿತ್ರ ಸೇರಿ 128 ಕೆಬಿ, ಅಷ್ಟೇ.

ಇನ್ನು ಹಂತಗಳು. ನನಗೆ ಜಾಸ್ತಿ ಪಾಠ ಕಲಿಸಿದ್ದು ಇದೇ. ಮನಸ್ಸಿಗೆ ಬಂದ ಹಾಗೆ ದೀಪ ಹಚ್ಚಿಟ್ಟರೆ ನಾಲ್ಕರಲ್ಲಿ ಮೂರು ಹಂತಗಳನ್ನು ಯಾರಿಂದಲೂ ಬಿಡಿಸಲಾಗದು. ಅದಕ್ಕೇ ಹಿಂದಿನಿಂದ ಬರಬೇಕು. ಎಲ್ಲ ದೀಪ ಆರಿಸಿ, ಕೋಡೇ ಬೇರೆ ಬೇರೆ 12 ಕಡೆ ಒತ್ತಲಿ. ಅದೇ 12 ಒತ್ತಿದರೆ ಮತ್ತೆ ಎಲ್ಲ ಆರುವುದು ಖಂಡಿತ, ಯಾಕೆಂದರೆ ಒಂದನ್ನೇ ಎರಡು ಸಲ ಒತ್ತಿದರೆ ಒತ್ತದ ಹಾಗೇ, ಯಾವುದನ್ನು ಮೊದಲು ಒತ್ತಿದಿರಿ ಅನ್ನುವುದೂ ಲೆಕ್ಕಕ್ಕಿಲ್ಲ.

'12 ಒತ್ತು' ಅಂತ ಬರೆದ ಹಂತವನ್ನು ನನ್ನ ತಂಗಿ 8ರಲ್ಲೇ ಮುಗಿಸಿದಳು. ಕೋಡ್ ಕೆಟ್ಟಿದೆ ಅಂದುಕೊಂಡೆ. ನೀವೂ ನೋಡಿ, ಈಗ ಖಾಲಿ ಹಲಗೆಯಲ್ಲಿ ಒಂದು, ಎರಡು, ನಾಲ್ಕು, ಐದನೇ ಸಾಲುಗಳಲ್ಲಿ ಒಂದು, ಮೂರು, ಐದನೇ ದೀಪಗಳನ್ನು ಒತ್ತುತ್ತೇನೆ. ಒಟ್ಟು 12 ಒತ್ತು. ಕೊನೆಗೆ ಒಂದು ದೀಪವೂ ಉರಿಯುತ್ತಿಲ್ಲ! ಒತ್ತಿಯೂ ಒತ್ತದ ಹಾಗೆ. ಇಂಥ ಜೋಡಣೆಗಳು ಮೂರಿವೆ. ಒಂದು ಉತ್ತರಕ್ಕೆ ಇವುಗಳಲ್ಲಿ ಯಾವುದನ್ನು ಸೇರಿಸಿದರೂ ಅದೂ ಉತ್ತರವೇ, ಹಾಗಾಗಿ ಬಿಡಿಸಲಾಗುವ ಪ್ರತಿ ಹಂತಕ್ಕೂ ನಾಲ್ಕು ಉತ್ತರ. ಈಗ ಕೋಡ್ ನಾಲ್ಕನ್ನೂ ಎಣಿಸಿ, ಅತಿ ಕಡಿಮೆ ಇರುವುದನ್ನೇ ಹಂತದ ಮೇಲೆ ಬರೆಯುತ್ತದೆ. ಅದು ಎಂದೂ 15 ದಾಟುವುದಿಲ್ಲ.

ಇನ್ನೊಂದು ಇದೆ. ಆಡುತ್ತಿರುವಾಗ ಕರೆ ಬಂದರೆ, ರ‍್ಯಾಮ್ ಕಡಿಮೆ ಇರುವ ಫೋನ್ ಹಿಂದೆ ಸರಿದ ಆಟವನ್ನು ಮುಚ್ಚಿಬಿಡಬಹುದು. ಹಾಗಾಗಿ ಪ್ರತಿ ಒತ್ತಿಗೂ ಹಲಗೆಯನ್ನು ಉಳಿಸಿಡುತ್ತೇವೆ. 25 ದೀಪ ಅಂದರೆ 25 ಬಿಟ್, ಒಂದೇ ಪೂರ್ಣಾಂಕದಲ್ಲಿ ಹಿಡಿಯುತ್ತದೆ.

6 ಬೈ 6 ಮಾಡಿದರೆ ಈ ನಾಲ್ಕು ಉತ್ತರದ ತಲೆನೋವೇ ಇಲ್ಲ. ಅಲ್ಲಿ ಹೇಗೆ ದೀಪ ಹಚ್ಚಿಟ್ಟರೂ ಬಿಡಿಸಬಹುದು, ಉತ್ತರವೂ ಒಂದೇ. ನನಗೆ ಅದೇ ಬೇಕಿತ್ತು. ಗೆಳತಿ ಬೇಡವೇ ಬೇಡ ಅಂದಳು. ಬಸ್ಸಿಗೆ ಕಾಯುತ್ತಾ ಆಡುವವರಿಗೆ ಒಂದಕ್ಕಿಂತ ನಾಲ್ಕು ದಾರಿ ಇರಲಿ ಅನ್ನುವುದು ಅವಳ ವಾದ. ಸದ್ಯಕ್ಕೆ 5 ಬೈ 5 ಉಳಿದಿದೆ.