ಗಡಿಯ ಸಂಖ್ಯೆ ಒಳಗೋ ಹೊರಗೋ?

ವಿದ್ಯಾರ್ಥಿಗಳೇ, ಎಲ್ಲರಿಗೂ ನಮಸ್ಕಾರ.

ಅಸಮತೆಗಳ ಪಾಠದಲ್ಲಿ ನೀವು ನಾಲ್ಕು ಚಿಹ್ನೆಗಳನ್ನು ಕಲಿತಿದ್ದೀರಿ. ‘ಕಡಿಮೆ’, ‘ಹೆಚ್ಚು’ ಎಂಬ ಎರಡು ಚಿಹ್ನೆಗಳು ಕಟ್ಟುನಿಟ್ಟಾದವು. ಅವುಗಳ ಕೆಳಗೆ ಒಂದು ಪುಟ್ಟ ಗೆರೆ ಎಳೆದರೆ ‘ಕಡಿಮೆ ಅಥವಾ ಸಮ’, ‘ಹೆಚ್ಚು ಅಥವಾ ಸಮ’ ಎಂಬ ಇನ್ನೆರಡು ಚಿಹ್ನೆಗಳು ದೊರೆಯುತ್ತವೆ. ಉತ್ತರಪತ್ರಿಕೆಗಳಲ್ಲಿ ಈ ಗೆರೆ ಮನಬಂದಂತೆ ಬರುತ್ತದೆ, ಮನಬಂದಂತೆ ಮಾಯವಾಗುತ್ತದೆ. ಆದ್ದರಿಂದ ಇಂದು ನಾನು ಹೇಳಬೇಕಾದದ್ದು ಒಂದೇ ಮಾತು: ಗಡಿಯ ಸಂಖ್ಯೆಯನ್ನೇ ಇಟ್ಟು ನೋಡಿ.

ಲಿಫ್ಟಿನಲ್ಲಿ ‘ಗರಿಷ್ಠ 8 ಜನ’ ಎಂದು ಬರೆದಿರುತ್ತದೆ. ಇಲ್ಲಿ ಗಡಿ 8. ಸರಿಯಾಗಿ ಎಂಟು ಜನ ಹತ್ತಬಹುದೇ? ಹತ್ತಬಹುದು. ಆದ್ದರಿಂದ ಗೆರೆ ಬೇಕು: n ≤ 8. ‘8ಕ್ಕಿಂತ ಕಡಿಮೆ ಜನ’ ಎಂದು ಬರೆದಿದ್ದರೆ ಎಂಟನೆಯವರು ಹೊರಗೇ ನಿಲ್ಲಬೇಕಾಗುತ್ತಿತ್ತು, ಗೆರೆಯೂ ಇರುತ್ತಿರಲಿಲ್ಲ. ಸಂಖ್ಯಾರೇಖೆಯ ಮೇಲೆ ತೋರಿಸುವಾಗ ಗಡಿ ಸೇರಿದ್ದರೆ ತುಂಬಿದ ಚುಕ್ಕೆ, ಸೇರದಿದ್ದರೆ ಖಾಲಿ ವೃತ್ತ.

ಇದು ತೀರಾ ಸುಲಭವೆಂದು ನಿಮಗೆ ಅನಿಸಬಹುದು. ಒಮ್ಮೆ ನನ್ನ ತರಗತಿಯಲ್ಲಿ ನಡೆದುದನ್ನು ಕೇಳಿ. ಒಂದು ವಸ್ತುಪ್ರದರ್ಶನದ ಟಿಕೆಟ್ ನಿಯಮವನ್ನು ಅಸಮತೆಗಳಲ್ಲಿ ಬರೆಯಲು ಮಕ್ಕಳಿಗೆ ಹೇಳಿದ್ದೆ. ಚಿಕ್ಕ ಮಕ್ಕಳಿಗೆ ಉಚಿತ, ನಡುವಿನ ವಯಸ್ಸಿನವರಿಗೆ ಅರ್ಧ ಟಿಕೆಟ್, ದೊಡ್ಡವರಿಗೆ ಪೂರ್ತಿ ಟಿಕೆಟ್. ಗಡಿಗಳು 5 ಮತ್ತು 12. ವಯಸ್ಸನ್ನು a ಎಂದು ಕರೆದೆವು. ಒಬ್ಬ ಹುಡುಗ ಕಪ್ಪುಹಲಗೆಯ ಮೇಲೆ a < 5, 5 < a < 12, a > 12 ಎಂದು ಬರೆದ. ನೋಡಲು ಅಚ್ಚುಕಟ್ಟಾಗಿಯೇ ಇತ್ತು. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಸರ್, ಇವತ್ತಿಗೆ ಸರಿಯಾಗಿ 5 ವರ್ಷ ತುಂಬಿದ ಮಗು ಬಂದರೆ ಯಾವ ಟಿಕೆಟ್?” ಎಂದು ಕೇಳಿದಳು. ಹುಡುಗ ಮೂರೂ ಸಾಲುಗಳಲ್ಲಿ 5 ಇಟ್ಟು ನೋಡಿದ. 5 < 5 ಸುಳ್ಳು. ಎರಡನೆಯ ಸಾಲೂ ಸುಳ್ಳು, ಮೂರನೆಯದೂ ಸುಳ್ಳು. ಆ ಮಗುವಿಗೆ ಯಾವ ಟಿಕೆಟೂ ಇಲ್ಲ! ಅವನು ಕೂಡಲೇ ಎಲ್ಲ ಚಿಹ್ನೆಗಳಿಗೂ ಗೆರೆ ಎಳೆದುಬಿಟ್ಟ: a ≤ 5, 5 ≤ a ≤ 12, a ≥ 12. ಹುಡುಗಿ ಮತ್ತೆ ಅದೇ 5 ಇಡಲು ಹೇಳಿದಳು. ಈಗ ಮೊದಲ ಸಾಲೂ ನಿಜ, ಎರಡನೆಯದೂ ನಿಜ. ಮಗುವಿಗೆ ಉಚಿತವೂ ಹೌದು, ಅರ್ಧ ಟಿಕೆಟೂ ಹೌದು. ತರಗತಿಯೆಲ್ಲ ಚರ್ಚೆಗಿಳಿಯಿತು. ಕೊನೆಗೆ ಮಕ್ಕಳೇ ಕಂಡುಕೊಂಡ ಉತ್ತರ ಇದು: a < 5, 5 ≤ a < 12, a ≥ 12. ಪ್ರತಿ ಗಡಿಯಲ್ಲೂ ಗೆರೆ ಒಂದೇ ಕಡೆ ಇದೆ. 5 ಇಟ್ಟರೆ ನಡುವಿನ ಸಾಲು ಮಾತ್ರ ನಿಜ; 12 ಇಟ್ಟರೆ ಕೊನೆಯ ಸಾಲು ಮಾತ್ರ ನಿಜ. ಆ ಹುಡುಗಿ ಯಾವ ಸೂತ್ರವನ್ನೂ ಬಳಸಲಿಲ್ಲ, ಗಡಿಯ ಸಂಖ್ಯೆಯನ್ನು ಇಟ್ಟು ನೋಡಿದಳು, ಅಷ್ಟೆ.

ಇದರಿಂದಲೇ ಇನ್ನೊಂದು ಸಂಗತಿ ತಿಳಿಯುತ್ತದೆ. ‘5ಕ್ಕಿಂತ ಕಡಿಮೆ’ ಎಂಬುದನ್ನು ನಿರಾಕರಿಸಿದರೆ ‘5ಕ್ಕಿಂತ ಹೆಚ್ಚು’ ಎಂದಾಗುವುದಿಲ್ಲ, ‘5 ಅಥವಾ ಅದಕ್ಕಿಂತ ಹೆಚ್ಚು’ ಎಂದಾಗುತ್ತದೆ. ಕಟ್ಟುನಿಟ್ಟಾದ ಚಿಹ್ನೆಯನ್ನು ನಿರಾಕರಿಸಿದಾಗ ಗೆರೆ ಬರುತ್ತದೆ, ಗೆರೆಯಿರುವುದನ್ನು ನಿರಾಕರಿಸಿದಾಗ ಗೆರೆ ಹೋಗುತ್ತದೆ.

‘ಲಿಫ್ಟಿನ ವಿಷಯದಲ್ಲಿ n < 9 ಎಂದು ಬರೆದರೂ ಆಗುತ್ತದಲ್ಲವೇ?’ ಎಂದು ಕೆಲವರು ಕೇಳುತ್ತಾರೆ. ಜನರನ್ನು ಎಣಿಸುವಾಗ ಆಗುತ್ತದೆ, ಏಕೆಂದರೆ 8 ಮತ್ತು 9ರ ನಡುವೆ ಬೇರೆ ಪೂರ್ಣಾಂಕವಿಲ್ಲ. ತೂಕವನ್ನು ಅಳೆಯುವಾಗ ಆಗುವುದಿಲ್ಲ. 8.5 ಕಿಲೋಗ್ರಾಂ ತೂಕದ ಚೀಲ 9ಕ್ಕಿಂತ ಕಡಿಮೆಯಿದೆ, ಆದರೆ 8ರ ಮಿತಿಯನ್ನು ದಾಟಿದೆ. ಎಣಿಸುವುದೋ ಅಳೆಯುವುದೋ ಎಂಬುದನ್ನು ದಯವಿಟ್ಟು ಮೊದಲೇ ತೀರ್ಮಾನಿಸಿಕೊಳ್ಳಿ.

ಸಮಯ ಮುಗಿಯುತ್ತಾ ಬಂದಿದೆ, ಆದರೂ ಒಂದು ಲೆಕ್ಕವನ್ನು ಬಿಡುವಂತಿಲ್ಲ. −2x ≤ 6 ಎಂಬುದನ್ನು ಬಿಡಿಸುವಾಗ ಎರಡೂ ಕಡೆಯನ್ನು −2ರಿಂದ ಭಾಗಿಸುತ್ತೇವೆ. ಋಣಸಂಖ್ಯೆಯಿಂದ ಭಾಗಿಸಿದಾಗ ಚಿಹ್ನೆ ತಿರುಗುತ್ತದೆ ಎಂಬುದು ನಿಮಗೆಲ್ಲ ನೆನಪಿರುತ್ತದೆ, ಆದರೆ ತಿರುಗಿಸುವ ಭರದಲ್ಲಿ ಅನೇಕರು ಗೆರೆಯನ್ನು ಕೈಬಿಟ್ಟು x > −3 ಎಂದು ಬರೆಯುತ್ತಾರೆ. x ಇರುವಲ್ಲಿ −3 ಇಟ್ಟು ನೋಡಿ: ಎಡಗಡೆ 6 ಬರುತ್ತದೆ, 6 ≤ 6 ಎಂಬುದು ನಿಜ. ಹಾಗಾದರೆ −3 ಉತ್ತರದೊಳಗೆ ಸೇರಲೇಬೇಕು, ಉತ್ತರ x ≥ −3.