ಕಿವಿಗೆ ಕೇಳುವ ಅಲ್ಪವಿರಾಮ

ಕೇಳುಗರಿಗೆ ನಮಸ್ಕಾರ.

ಒಂದು ಕಚೇರಿಯ ದಾಖಲೆ ಕೋಣೆ ಮಳೆಗೆ ಸೋರಿದೆ ಅಂದುಕೊಳ್ಳಿ. ಅಲ್ಲಿದ್ದ 100 ಕಡತಗಳ ಪೈಕಿ 12 ನೆನೆದು ಮುದ್ದೆಯಾಗಿವೆ. ಮೇಲಧಿಕಾರಿಗಳಿಂದ ಇಂಗ್ಲಿಷಿನಲ್ಲಿ ಒಂದು ಸಾಲಿನ ಟಿಪ್ಪಣಿ ಬರುತ್ತದೆ. ನಾನು ಓದುತ್ತೇನೆ, ಕೇಳಿ: "ದ ಫೈಲ್ಸ್ ವಿಚ್ ಗಾಟ್ ವೆಟ್ ಮಸ್ಟ್ ಬಿ ಡಿಸ್ಟ್ರಾಯ್ಡ್." ಒಂದೇ ಉಸಿರಿಗೆ ಓದಿದೆ. ಗುಮಾಸ್ತರು 12 ಕಡತಗಳನ್ನು ಎತ್ತಿ ಹೊರಗಿಡುತ್ತಾರೆ. ಅದೇ ಮಾತುಗಳನ್ನು ಈಗ ಇನ್ನೊಂದು ಥರ ಓದುತ್ತೇನೆ: "ದ ಫೈಲ್ಸ್, ವಿಚ್ ಗಾಟ್ ವೆಟ್, ಮಸ್ಟ್ ಬಿ ಡಿಸ್ಟ್ರಾಯ್ಡ್." ಎರಡು ಕಡೆ ನಿಂತೆ, ನಡುವಿನ ಮಾತಿಗೆ ದನಿ ಸ್ವಲ್ಪ ಇಳಿಸಿದೆ. ಈಗ ಈ ವಾಕ್ಯದ ಪ್ರಕಾರ ಕಡತಗಳೆಲ್ಲವೂ ನೆನೆದಿವೆ, ಹಾಗಾಗಿ ನೂರನ್ನೂ ನಾಶಮಾಡಬೇಕು.

ಕಾಗದದ ಮೇಲೆ ಈ ಎರಡು ವಾಕ್ಯಗಳಿಗೆ ಇರುವ ವ್ಯತ್ಯಾಸ ಎರಡು ಅಲ್ಪವಿರಾಮ, ಅಂದರೆ ಎರಡು ಕಾಮಾ. ಮೊದಲನೆಯದರಲ್ಲಿ ನಡುವಿನ ಉಪವಾಕ್ಯ ರಾಶಿಯಿಂದ ಕೆಲವನ್ನು ಆರಿಸಿ ತೋರಿಸುತ್ತದೆ. ಇಂಗ್ಲಿಷ್ ವ್ಯಾಕರಣದಲ್ಲಿ ಅದಕ್ಕೆ ರಿಸ್ಟ್ರಿಕ್ಟಿವ್ ಕ್ಲಾಸ್ ಎನ್ನುತ್ತಾರೆ. ಎರಡನೆಯದರಲ್ಲಿ ಅದು ಯಾವುದನ್ನೂ ಆರಿಸುವುದಿಲ್ಲ, ಗೊತ್ತಿರುವ ವಸ್ತುವಿನ ಬಗ್ಗೆ ಒಂದು ಹೆಚ್ಚಿನ ಸುದ್ದಿ ಹೇಳಿ ಮುಂದೆ ಹೋಗುತ್ತದೆ. ಅದು ನಾನ್-ರಿಸ್ಟ್ರಿಕ್ಟಿವ್. ಆರಿಸುವ ಮಾತು, ಸೇರಿಸುವ ಮಾತು ಅಂತ ಇಟ್ಟುಕೊಂಡರೆ ನಮಗೆ ಸಾಕು.

ಇದರಲ್ಲಿ ನಾವು ಕನ್ನಡದವರು ಎಡವುವುದಕ್ಕೆ ನಮ್ಮ ಭಾಷೆಯಲ್ಲೇ ಕಾರಣವಿದೆ. "ಧಾರವಾಡದಲ್ಲಿರೋ ನಮ್ಮಣ್ಣ ನಾಳೆ ಬರ್ತಾನೆ" ಅಂದೆ ಅನ್ನಿ. ನನಗೆ ಎಷ್ಟು ಜನ ಅಣ್ಣಂದಿರು? ಒಬ್ಬನೇ ಇರಬಹುದು, ಅವನು ಧಾರವಾಡದಲ್ಲಿರಬಹುದು. ಮೂವರಿದ್ದು, ಅವರಲ್ಲಿ ಧಾರವಾಡದವನು ಬರುತ್ತಿರಬಹುದು. ಕನ್ನಡ ವಾಕ್ಯ ಇದನ್ನು ಬಿಟ್ಟುಕೊಡುವುದಿಲ್ಲ, ನಮ್ಮ ಮನೆ ಬಲ್ಲವರಿಗೆ ಅದು ಬೇಕಾಗಿಯೂ ಇಲ್ಲ. ನಮ್ಮಲ್ಲಿ "ಇರುವ", "ಬಂದ", "ನೆನೆದ" ಎಂಬ ವಿಶೇಷಣ ನಾಮಪದಕ್ಕಿಂತ ಮೊದಲೇ ಬಂದು ಅಂಟಿಕೊಳ್ಳುತ್ತದೆ. ನಡುವೆ ಅಲ್ಪವಿರಾಮ ಹಾಕಲು ಜಾಗವೇ ಇಲ್ಲ. ಇಂಗ್ಲಿಷಿನಲ್ಲಾದರೋ ಉಪವಾಕ್ಯ ನಾಮಪದ ಆದಮೇಲೆ ಬಾಲದಂತೆ ಬರುತ್ತದೆ, ಅದನ್ನು ಅಂಟಿಸಬೇಕೋ ಬಿಡಿಸಿಡಬೇಕೋ ಎಂದು ಬರೆಯುವವರು ಪ್ರತಿ ಸಲವೂ ತೀರ್ಮಾನಿಸಲೇಬೇಕು.

ಹಾಗಂತ ಕನ್ನಡಕ್ಕೆ ಈ ಭೇದ ಹೇಳಲು ಬರುವುದಿಲ್ಲ ಎಂದಲ್ಲ. ಆರಿಸಬೇಕಾದಾಗ "ಯಾವ ಕಡತ ನೆನೆದಿದೆಯೋ ಆ ಕಡತ" ಎನ್ನುತ್ತೇವೆ. ಸೇರಿಸಬೇಕಾದಾಗ ಎರಡು ವಾಕ್ಯ ಮಾಡುತ್ತೇವೆ: "ಕಡತಗಳೆಲ್ಲ ನೆನೆದಿವೆ. ಅವನ್ನು ನಾಶಮಾಡಿ." ನಾನು ಇಂಗ್ಲಿಷ್ ಬರೆಯುವಾಗ ಅನುಮಾನ ಬಂದರೆ ಇದನ್ನೇ ಒರೆಗಲ್ಲು ಮಾಡಿಕೊಳ್ಳುತ್ತೇನೆ. ಹೇಳಬೇಕಾದದ್ದು "ಯಾವುದೋ ಅದು" ಎಂಬ ಅಚ್ಚಿಗೆ ಸರಿಯಾಗಿ ಕೂತರೆ ಕಾಮಾ ಬೇಡ. ಎರಡು ವಾಕ್ಯವಾಗಿ ಒಡೆದರೆ ಕಾಮಾ ಬೇಕು. ಬೇಂದ್ರೆಯವರು ಧಾರವಾಡದಲ್ಲಿ ಹುಟ್ಟಿದವರು. ಇದನ್ನು ಇಂಗ್ಲಿಷಿನಲ್ಲಿ "ಬೇಂದ್ರೆ ಹೂ ವಾಸ್ ಬಾರ್ನ್ ಇನ್ ಧಾರವಾಡ" ಎಂದು ಕಾಮಾ ಇಲ್ಲದೆ ಬರೆದರೆ, "ಯಾವ ಬೇಂದ್ರೆ ಧಾರವಾಡದಲ್ಲಿ ಹುಟ್ಟಿದರೋ ಆ ಬೇಂದ್ರೆ" ಎಂದಂತೆ. ಇನ್ನೊಬ್ಬ ಬೇಂದ್ರೆಯವರನ್ನು ಎಲ್ಲಿಂದ ತರುವುದು? ಅಂಕಿತನಾಮ ಆದಮೇಲೆ ಸಾಮಾನ್ಯವಾಗಿ ಕಾಮಾ ಬರುವುದು ಈ ಕಾರಣಕ್ಕೇ.

ಗಮನಿಸಿ, ಈ ಉದಾಹರಣೆಯಲ್ಲಿ "ಹೂ" ಇದೆ. ಮನುಷ್ಯರ ವಿಷಯದಲ್ಲಿ ಆರಿಸಿದರೂ "ಹೂ", ಸೇರಿಸಿದರೂ "ಹೂ". ಅರ್ಥದ ಭಾರವನ್ನೆಲ್ಲ ಕಾಮಾ ಒಂದೇ ಹೊರುತ್ತದೆ. ವಸ್ತುಗಳ ವಿಷಯಕ್ಕೆ ಬಂದಾಗ ಮಾತ್ರ "ವಿಚ್" ಮತ್ತು "ದಟ್" ಎಂಬ ಜೋಡಿ ಎದುರಾಗುತ್ತದೆ. ಕಾಮಾ ಇದ್ದರೆ "ವಿಚ್", ಇಲ್ಲದಿದ್ದರೆ "ದಟ್" ಎಂದು ಶಾಲೆಯಲ್ಲಿ ಹೇಳಿಕೊಟ್ಟಿರುತ್ತಾರೆ. ಇದರಲ್ಲಿ ಅರ್ಧ ಗಟ್ಟಿ, ಅರ್ಧ ಸಡಿಲ. ಕಾಮಾ ಹಾಕಿ ಸೇರಿಸುವಾಗ "ದಟ್" ಬಾರದು, ಇದು ಗಟ್ಟಿ. ಆರಿಸುವಾಗ "ವಿಚ್" ಬರಲೇಬಾರದು ಎನ್ನುವುದು ಕೆಲವು ಸಂಪಾದಕರ, ಅದರಲ್ಲೂ ಅಮೆರಿಕದ ಸಂಪಾದಕರ ಶಿಸ್ತು.

ಈ ಶಿಸ್ತಿಗೆ ದೊಡ್ಡ ಹೆಸರು ತಂದುಕೊಟ್ಟವರು ಇಂಗ್ಲೆಂಡಿನ ಎಚ್. ಡಬ್ಲ್ಯೂ. ಫೌಲರ್, 1926ರ ತಮ್ಮ ಇಂಗ್ಲಿಷ್ ಬಳಕೆಯ ಕೋಶದಲ್ಲಿ. ಆರಿಸಲು ಒಂದು ಪದ, ಸೇರಿಸಲು ಒಂದು ಪದ ಎಂದು ಎಲ್ಲರೂ ಒಪ್ಪಿದರೆ ಬರವಣಿಗೆ ತಿಳಿಯಾಗುತ್ತದೆ ಎಂದು ಅವರು ಸಲಹೆ ಕೊಟ್ಟರು. ಹೆಚ್ಚಿನ ಲೇಖಕರೂ ಅತ್ಯುತ್ತಮ ಲೇಖಕರೂ ಈಗ ಹೀಗೆ ಬರೆಯುತ್ತಿಲ್ಲ ಎಂದು ಅಲ್ಲೇ ಒಪ್ಪಿಕೊಂಡರು ಕೂಡ. ಸಲಹೆ ಕಡಲು ದಾಟಿ ಅಮೆರಿಕದಲ್ಲಿ ಕಟ್ಟಳೆಯಾಯಿತು, ಒಪ್ಪಿಗೆಯ ಮಾತು ದಾರಿಯಲ್ಲೇ ಉಳಿಯಿತು. 1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ದಾಳಿಯ ಮರುದಿನ ಅಧ್ಯಕ್ಷ ರೂಸ್‌ವೆಲ್ಟ್ ಹೇಳಿದ್ದು "ಎ ಡೇಟ್ ವಿಚ್ ವಿಲ್ ಲಿವ್ ಇನ್ ಇನ್ಫಮಿ" ಎಂದು. ಕಾಮಾ ಇಲ್ಲ, "ವಿಚ್" ಇದೆ. ಯಾರಿಗೂ ಅರ್ಥ ತಪ್ಪಲಿಲ್ಲ.

ನಮ್ಮ ಸಂವಿಧಾನದ ಇಂಗ್ಲಿಷ್ ಪಠ್ಯವೂ ಈ ಹಳೆಯ ರೂಢಿಯದೇ. 13ನೆಯ ವಿಧಿಯ 2ನೆಯ ಖಂಡ ಹೀಗೆ ಶುರುವಾಗುತ್ತದೆ: "ದ ಸ್ಟೇಟ್ ಷಲ್ ನಾಟ್ ಮೇಕ್ ಎನಿ ಲಾ ವಿಚ್ ಟೇಕ್ಸ್ ಅವೇ ಆರ್ ಅಬ್ರಿಜಸ್ ದ ರೈಟ್ಸ್ ಕನ್‌ಫರ್ಡ್ ಬೈ ದಿಸ್ ಪಾರ್ಟ್." ಯಾವ ಕಾನೂನು ಈ ಭಾಗ ಕೊಟ್ಟ ಹಕ್ಕುಗಳನ್ನು ಕಸಿಯುತ್ತದೆಯೋ ಅಥವಾ ಮೊಟಕು ಮಾಡುತ್ತದೆಯೋ, ಆ ಕಾನೂನನ್ನು ರಾಜ್ಯ ಮಾಡತಕ್ಕದ್ದಲ್ಲ. "ಲಾ" ಆದಮೇಲೆ ಒಂದು ಕಾಮಾ ಇಟ್ಟು ನೋಡಿ. ರಾಜ್ಯ ಯಾವ ಕಾನೂನನ್ನೂ ಮಾಡಕೂಡದು, ಅಂಥದ್ದು ಹಕ್ಕುಗಳನ್ನು ಕಸಿಯುತ್ತದೆ ಎಂದಾಗುತ್ತದೆ. ಶಾಸನಸಭೆಗಳಿಗೆ ಬೀಗ ಹಾಕಬೇಕಷ್ಟೆ. "ವಿಚ್" ಬದಲು "ದಟ್" ಇದ್ದಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ.

"ವಿಚ್" ಬಿಟ್ಟರೆ ಗತಿಯಿಲ್ಲದ ಕಡೆಯೂ ಉಂಟು. "ದ ಹೌಸ್ ಇನ್ ವಿಚ್ ಐ ವಾಸ್ ಬಾರ್ನ್", ನಾನು ಹುಟ್ಟಿದ ಮನೆ. ಇದು ಆರಿಸುವ ಮಾತೇ. ಆದರೆ "ಇನ್ ದಟ್" ಅಂದರೆ ಇಂಗ್ಲಿಷ್ ಕೆಡುತ್ತದೆ. ಕಟ್ಟಳೆ ಹಿಡಿದು ಕೂತವರೂ ಇಲ್ಲಿ ಸುಮ್ಮನಾಗುತ್ತಾರೆ.

ಇನ್ನು ಕಂಪ್ಯೂಟರಿನ ಮಾತು. ಟೈಪು ಮಾಡುತ್ತಿರುವಾಗ ಕಾಮಾ ಇಲ್ಲದ "ವಿಚ್" ಕಂಡರೆ ಕೆಲವು ವ್ಯಾಕರಣ ತಪಾಸಕಗಳು ಕೆಳಗೆ ಗೆರೆ ಎಳೆದು ಎರಡು ದಾರಿ ತೋರಿಸುತ್ತವೆ: ಅದನ್ನು "ದಟ್" ಮಾಡಿ, ಇಲ್ಲವೇ ಅದಕ್ಕೆ ಮೊದಲು ಒಂದು ಕಾಮಾ ಹಾಕಿ. ಎರಡೂ ಒಂದೇ ತಪ್ಪಿಗೆ ಎರಡು ಮದ್ದು ಎಂಬಂತೆ ಕಾಣುತ್ತದೆ. ನಮ್ಮ ಕಡತಗಳ ಟಿಪ್ಪಣಿಗೆ ಮೊದಲನೆಯದನ್ನು ಒತ್ತಿದರೆ 12 ಕಡತ ಹೋಗುತ್ತವೆ, ಎರಡನೆಯದನ್ನು ಒತ್ತಿದರೆ ಒಣಗಿದ್ದ 88 ಕೂಡ ಹೋಗುತ್ತವೆ. ಎಷ್ಟು ನೆನೆದಿವೆ ಎಂದು ಯಂತ್ರಕ್ಕೇನು ಗೊತ್ತು? ಮೇಲಾಗಿ "ವಿಚ್"ಗೆ ಮೊದಲು ಕಾಮಾ ಬಿತ್ತೇ ಹೊರತು "ವೆಟ್" ಆದಮೇಲೆ ಬೀಳಬೇಕಾದ ಜೊತೆಗಾರ ಬೀಳುವುದಿಲ್ಲ. ಬಾಗಿಲು ತೆಗೆದವರು ಮುಚ್ಚದೆ ಹೋದ ಹಾಗೆ. ಕಣ್ಣಿಗೆ ಇದು ಸುಲಭವಾಗಿ ಸಿಕ್ಕುವುದಿಲ್ಲ, ಗಟ್ಟಿಯಾಗಿ ಓದಿದರೆ ಸಿಕ್ಕುತ್ತದೆ. ಕೇಳಿ: "ದ ಫೈಲ್ಸ್, ವಿಚ್ ಗಾಟ್ ವೆಟ್ ಮಸ್ಟ್ ಬಿ ಡಿಸ್ಟ್ರಾಯ್ಡ್." ಇಳಿಸಿದ ದನಿಯನ್ನು ಮತ್ತೆ ಎಲ್ಲಿ ಎತ್ತಬೇಕೋ ನನಗೇ ತಿಳಿಯಲಿಲ್ಲ.

ನಮಸ್ಕಾರ.